‘ನಿಮ್ಮ ಮಗುವಿಗೇ ಕಚ್ಚಿದ್ದರೆ?’: ನೇರ ಚರ್ಚೆಗೆ ಕೂರುವ ಮೊದಲು ಅರ್ಧ ನಿಮಿಷದ ಉತ್ತರಗಳು

ಪ್ರಶ್ನೆ: ನಾನು ನಗರಸಭೆಯೊಂದರಲ್ಲಿ ಪಶುವೈದ್ಯ. ಬೀದಿನಾಯಿ ನಿಯಂತ್ರಣದ ಹೊಣೆ ನನ್ನದು. ಕಳೆದ ತಿಂಗಳು ಶಾಲೆಯ ಪಕ್ಕದ ರಸ್ತೆಯಲ್ಲಿ ಮಗುವೊಂದಕ್ಕೆ ನಾಯಿ ಕಚ್ಚಿದ ಮೇಲೆ ಊರಿನಲ್ಲಿ ಗದ್ದಲವೆದ್ದಿದೆ. ಬರುವ ಶನಿವಾರ ಜಿಲ್ಲೆಯ ಟಿವಿ ವಾಹಿನಿಯಲ್ಲಿ ಒಂದು ಗಂಟೆಯ ನೇರ ಚರ್ಚೆ ಇದೆ. ನಗರಸಭೆಯ ಸದಸ್ಯರೊಬ್ಬರು, ಪ್ರಾಣಿದಯಾ ಸಂಘದವರೊಬ್ಬರು, ಆ ಮಗುವಿನ ತಾಯಿ ಜೊತೆಗಿರುತ್ತಾರೆ. ಫೋನ್ ಕರೆಗಳೂ ಇರುತ್ತವೆ. ಪ್ರತಿ ಉತ್ತರ ಮೂವತ್ತು ಸೆಕೆಂಡ್ ಮೀರದಿರಲಿ ಎಂದಿದ್ದಾರೆ. ವಿಷಯ ನನಗೆ ಗೊತ್ತಿದೆ. ಆದರೆ ವಾರ್ಡ್ ಸಭೆಯಲ್ಲಿ ನಾನು ನಿಯಮ ಹೇಳಿ ಮುಗಿಸುವ ಮೊದಲೇ ಜನ ಕೂಗಾಡಿಬಿಟ್ಟರು. ಉತ್ತರಗಳನ್ನು ಬರೆದು ಬಾಯಿಪಾಠ ಮಾಡಲೇ? ವಾಹಿನಿಯವರಿಂದ ಪ್ರಶ್ನೆಗಳನ್ನು ಮೊದಲೇ ತರಿಸಿಕೊಳ್ಳಲೇ? ಇಷ್ಟು ಜಟಿಲವಾದ ವಿಷಯವನ್ನು ಅರ್ಧ ನಿಮಿಷಕ್ಕೆ ಇಳಿಸಿದರೆ ಅದು ಅರ್ಧಸತ್ಯವಾಗುವುದಿಲ್ಲವೇ?

ಉತ್ತರ: ಬಾಯಿಪಾಠ ಬೇಡ. ಪ್ರಶ್ನೆಪಟ್ಟಿ ಸಿಗುವುದಿಲ್ಲ, ಸಿಕ್ಕರೂ ನಂಬಿ ಕೂರಬೇಡಿ. ಅರ್ಧಸತ್ಯದ ಭಯ ಮಾತ್ರ ನ್ಯಾಯವಾದದ್ದು, ಅದಕ್ಕೆ ದಾರಿ ಇದೆ. ಒಂದೊಂದಾಗಿ ನೋಡೋಣ.

ಮೊದಲು ಮೂವತ್ತು ಸೆಕೆಂಡಿನ ಲೆಕ್ಕ. ಇದು ವಾಹಿನಿಯವರ ಚಿತ್ತಚಾಪಲ್ಯ ಎಂದು ಅನೇಕರು ತಿಳಿಯುತ್ತಾರೆ. ಒಂದು ಗಂಟೆಯ ಕಾರ್ಯಕ್ರಮದಲ್ಲಿ ಜಾಹೀರಾತು ಕಳೆದು ಮುಕ್ಕಾಲು ಗಂಟೆ ಉಳಿಯಿತೆನ್ನಿ. ಅದರಲ್ಲಿ ನಿರೂಪಕರ ಮಾತು, ಫೋನ್ ಕರೆಗಳು, ನಾಲ್ವರು ಅತಿಥಿಗಳು. ನಿಮ್ಮ ಪಾಲಿಗೆ ಬರುವುದು ಆರೇಳು ನಿಮಿಷ. ಅದೂ ಒಂದೇ ಗಂಟಾಗಿ ಬರುವುದಿಲ್ಲ, ಹತ್ತು ಹನ್ನೆರಡು ತುಂಡುಗಳಾಗಿ ಬರುತ್ತದೆ. ನಿರೂಪಕರ ಕಿವಿಯಲ್ಲಿ ಕಂಟ್ರೋಲ್ ರೂಮಿನಿಂದ ‘ಬ್ರೇಕ್‌ಗೆ ಮೂವತ್ತು, ಇಪ್ಪತ್ತು’ ಎಂಬ ಎಣಿಕೆ ನಡೆದೇ ಇರುತ್ತದೆ. ನೀವು ಉಸಿರು ತೆಗೆದುಕೊಳ್ಳುವ ಸಂದಿಗಾಗಿ ಅವರು ಕಾಯುತ್ತಾರೆ. ಅದು ಅವರ ಕೆಲಸ. ಹಾಗಾಗಿ ಮಾತು ಕತ್ತರಿಸುತ್ತಾರೆಯೇ ಎಂದು ಯೋಚಿಸಬೇಕಾಗಿಲ್ಲ. ಕತ್ತರಿಸಿದಾಗ ಜನರ ಕಿವಿಯಲ್ಲಿ ಏನು ಉಳಿದಿರುತ್ತದೆ ಎಂದು ಯೋಚಿಸಿ.

ಇಲ್ಲಿ ಕನ್ನಡದಲ್ಲಿ ಮಾತನಾಡುವವರಿಗೇ ಒಂದು ವಿಶೇಷ ತೊಡಕು ಇದೆ. ನಮ್ಮ ವಾಕ್ಯದ ತೀರ್ಪು ಕೊನೆಯ ಪದದಲ್ಲಿ ಕುಳಿತಿರುತ್ತದೆ. ‘ಕಚ್ಚಿದ ನಾಯಿಯನ್ನು ಮತ್ತೆ ಅದೇ ಬೀದಿಗೆ ನಾವು ತಂದು...’ ಎನ್ನುವಷ್ಟರಲ್ಲಿ ನಿರೂಪಕರು ನುಗ್ಗಿದರೆ, ‘ಬಿಡುವುದಿಲ್ಲ’ ಎಂಬುದು ಬಾಯಲ್ಲೇ ಉಳಿಯುತ್ತದೆ. ಕೇಳಿದವರು ‘ಬಿಡುತ್ತಾರಂತೆ’ ಎಂದುಕೊಂಡು ಏಳುತ್ತಾರೆ. ವಾರ್ಡ್ ಸಭೆಯಲ್ಲಿ ನಿಮಗೆ ಆದದ್ದೂ ಬಹುಶಃ ಇದೇ. ನೀವು ವರದಿ ಬರೆಯುವ ಕ್ರಮದಲ್ಲಿ ಮಾತನಾಡಿದ್ದೀರಿ: ಹಿನ್ನೆಲೆ, ಕಾಯ್ದೆ, ಪ್ರಕ್ರಿಯೆ, ಆಮೇಲೆ ನಿರ್ಣಯ. ಕಾಗದದ ಮೇಲೆ ಅದು ಸರಿಯಾದ ಕ್ರಮ. ನೇರ ಮಾತಿನಲ್ಲಿ ನಿರ್ಣಯದ ಸರದಿ ಬರುವುದೇ ಇಲ್ಲ.

ನಿಮಗೆ ಖಂಡಿತ ಬರುವ ಒಂದು ಪ್ರಶ್ನೆಯನ್ನೇ ಹಿಡಿದು ತೋರಿಸುತ್ತೇನೆ: ‘ಹಿಡಿದ ನಾಯಿಯನ್ನು ಮತ್ತೆ ಅದೇ ಬೀದಿಗೆ ತಂದು ಬಿಡುತ್ತೀರಲ್ಲ, ಯಾಕೆ?’ ಅಧಿಕಾರಿಗಳಿಂದ ನಾನು ಸಾಮಾನ್ಯವಾಗಿ ಕೇಳುವ ಉತ್ತರ ಹೀಗಿರುತ್ತದೆ:

‘ನೋಡಿ, ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರ ಅಡಿಯಲ್ಲಿ ಕೇಂದ್ರ ಸರ್ಕಾರ 2023ರಲ್ಲಿ ಹೊರಡಿಸಿರುವ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ, ಸ್ಥಳೀಯ ಸಂಸ್ಥೆಗಳು ಹಿಡಿದ ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಹಾಗೂ ರೇಬೀಸ್ ನಿರೋಧಕ ಲಸಿಕೆ ನೀಡಿದ ನಂತರ ಅವುಗಳನ್ನು ಹಿಡಿದ ಸ್ಥಳದಲ್ಲಿಯೇ ಬಿಡಬೇಕಾಗಿರುವುದರಿಂದ...’

ಇದನ್ನು ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ಸಮಯ ನೋಡಿ. ಸಮಾಧಾನದ ವೇಗದಲ್ಲಿ ಓದಿದರೆ ನಿಮ್ಮ ಅರ್ಧ ನಿಮಿಷ ಇಲ್ಲಿಗೇ ಮುಗಿದಿರುತ್ತದೆ, ವಾಕ್ಯಕ್ಕೆ ಇನ್ನೂ ಕ್ರಿಯಾಪದವೇ ಬಂದಿಲ್ಲ. ‘ಯಾಕೆ’ ಎಂಬುದಕ್ಕೆ ‘ನಿಯಮ ಇದೆ’ ಎಂಬುದಲ್ಲದೆ ಬೇರೆ ಕಾರಣವೂ ಬಂದಿಲ್ಲ. ಬರಹದಲ್ಲಿ ನಾಲ್ಕು ಅಂಕಿಯಾಗಿ ಕಾಣುವ 2023 ಬಾಯಲ್ಲಿ ‘ಎರಡು ಸಾವಿರದ ಇಪ್ಪತ್ತಮೂರು’ ಆಗಿ ಹನ್ನೆರಡು ಅಕ್ಷರ ನುಂಗುತ್ತದೆ. ಸೆಕೆಂಡಿಗೆ ಐದಾರು ಅಕ್ಷರ ಎಂದರೂ ಎರಡು ಸೆಕೆಂಡ್ ಹೋಯಿತು. ಇಸವಿ ಬೇಕಿರುವುದು ನಿಮ್ಮ ಕಡತಕ್ಕೆ, ಅದು ಕೇಳುಗನಿಗೆ ಬೇಕಿಲ್ಲ.

ಕನ್ನಡದಲ್ಲಿ ಅರ್ಧ ನಿಮಿಷಕ್ಕೆ ಸುಮಾರು ಐವತ್ತು ಪದ ಹಿಡಿಯುತ್ತದೆ ಎಂದು ಇಟ್ಟುಕೊಳ್ಳಿ. ಇಂಗ್ಲಿಷ್ ಪುಸ್ತಕಗಳಲ್ಲಿ ಎಪ್ಪತ್ತೈದು ಎಂದು ಬರೆದಿರುತ್ತಾರೆ. ನಮ್ಮ ಪದಗಳು ಉದ್ದ, ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹೆಚ್ಚು ತುರುಕಲು ವೇಗವಾಗಿ ಮಾತನಾಡಿದರೆ ಕೇಳುಗರಿಗೆ ನೀವು ಹೆದರಿದ್ದೀರಿ ಎಂಬುದೊಂದೇ ತಲುಪುತ್ತದೆ. ಅದೇ ಉತ್ತರವನ್ನು ಈಗ ಹೀಗೆ ತಿರುಗಿಸೋಣ:

‘ಕಾರಣ ಒಂದೇ: ನಾಯಿಯನ್ನು ತೆಗೆದರೂ ಜಾಗ ಖಾಲಿ ಉಳಿಯುವುದಿಲ್ಲ. ಕಸ ಇರುವವರೆಗೆ ಪಕ್ಕದ ಬೀದಿಯಿಂದ ಇನ್ನೊಂದು ಬರುತ್ತದೆ. ಅದಕ್ಕೆ ಲಸಿಕೆ ಆಗಿರುವುದಿಲ್ಲ, ಅದು ಮರಿಯನ್ನೂ ಹಾಕುತ್ತದೆ. ಲಸಿಕೆಯಾದ ನಾಯಿಯೇ ಅಲ್ಲಿದ್ದರೆ ರೇಬೀಸಿನ ಅಪಾಯ ಕಡಿಮೆ. ನಿಯಮವೂ ಹಾಗೆಯೇ ಇದೆ. ಆದರೆ ಹುಚ್ಚಿನ ಶಂಕೆ ಇರುವ ನಾಯಿಯನ್ನು, ಮೈಮೇಲೆ ಬೀಳುವ ನಾಯಿಯನ್ನು ನಾವು ಬಿಡುವುದಿಲ್ಲ. ಅಂಥದ್ದು ಕಂಡರೆ ನಗರಸಭೆಗೆ ಫೋನ್ ಮಾಡಿ.’

ಮೊದಲ ವಾಕ್ಯದಲ್ಲೇ ಉತ್ತರ ಬಂತು. ಅಲ್ಲಿಗೇ ನಿಮ್ಮನ್ನು ನಿಲ್ಲಿಸಿದರೂ ನೀವು ಏನನ್ನೋ ಹೇಳಿ ಆಗಿದೆ. ಆದರೂ ಇದರಲ್ಲಿ ಇನ್ನೊಂದು ಕುತ್ತು ಉಳಿದಿದೆ. ‘ಮೈಮೇಲೆ ಬೀಳುವ ನಾಯಿಯನ್ನು ನಾವು’ ಎಂಬಲ್ಲಿ ಯಾರಾದರೂ ಅಡ್ಡ ಬಂದರೆ ‘ಬಿಡುವುದಿಲ್ಲ’ ಮತ್ತೆ ಕೈತಪ್ಪುತ್ತದೆ. ಹಾಗಾಗಿ ಅದನ್ನು ಮುಂದಕ್ಕೆ ತನ್ನಿ: ‘ಬಿಡದೆ ಇಟ್ಟುಕೊಳ್ಳುವ ನಾಯಿಗಳೂ ಇವೆ: ಹುಚ್ಚಿನ ಶಂಕೆ ಇರುವವು, ಮೈಮೇಲೆ ಬೀಳುವವು.’ ಅರ್ಥ ಅದೇ, ಕತ್ತರಿಸಿದರೂ ತಿರುಗಿ ಬೀಳುವುದಿಲ್ಲ. ಕಷ್ಟದ ಪ್ರಶ್ನೆಯ ಪ್ರತಿ ಉತ್ತರವನ್ನೂ ಹೀಗೆ ಒಮ್ಮೆ ಪರೀಕ್ಷಿಸಿ. ಯಾವ ಪದದಲ್ಲಿ ನಿಂತರೆ ಅರ್ಥ ಉಲ್ಟಾ ಆಗುತ್ತದೆ ಎಂದು ಹುಡುಕಿ, ಆ ನಿಷೇಧವನ್ನು ವಾಕ್ಯದ ಬಾಲದಿಂದ ಕಿತ್ತು ತಲೆಗೆ ತನ್ನಿ.

ಈಗ ಅರ್ಧಸತ್ಯದ ಮಾತು. ಚಿಕ್ಕ ಉತ್ತರ ಚಿಕ್ಕದಾಗಿದೆ ಎಂಬ ಕಾರಣಕ್ಕೆ ಸುಳ್ಳಾಗುವುದಿಲ್ಲ. ಎಲ್ಲೆ ಹೇಳದೆ ಹೋದಾಗ ಸುಳ್ಳಾಗುತ್ತದೆ. ಮೇಲಿನ ಉತ್ತರವನ್ನೇ ನೋಡಿ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಸ್ಥಳಗಳ ಆವರಣದಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮತ್ತೆ ಬಿಡಬಾರದು, ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ನಂತರ ಆಶ್ರಯತಾಣಕ್ಕೆ ಸೇರಿಸಬೇಕು ಎಂದು ಆದೇಶಿಸಿತು. ನಿಮ್ಮ ಪ್ರಕರಣ ನಡೆದದ್ದು ಶಾಲೆಯ ಪಕ್ಕದ ರಸ್ತೆಯಲ್ಲಿ, ಆವರಣದಲ್ಲಿ ಅಲ್ಲ. ಆದರೆ ನೀವು ‘ಹಿಡಿದ ಜಾಗಕ್ಕೇ ಬಿಡಬೇಕೆಂಬ ನಿಯಮವಿದೆ’ ಎಂದು ಸಪಾಟಾಗಿ ಹೇಳಿದ ಕೂಡಲೇ ಸದಸ್ಯರು ಆ ಆದೇಶವನ್ನು ಮೇಜಿನ ಮೇಲೆ ಇಡುತ್ತಾರೆ, ನಿಮ್ಮ ಉಳಿದ ಮಾತಿಗೆಲ್ಲ ಬೆಲೆ ಹೋಗುತ್ತದೆ. ‘ಶಾಲೆ, ಆಸ್ಪತ್ರೆಯಂಥ ಆವರಣ ಬಿಟ್ಟು ಉಳಿದ ಕಡೆ ನಿಯಮವೂ ಹಾಗೆಯೇ ಇದೆ’ ಎಂದರೆ ಮೂರು ಸೆಕೆಂಡ್ ಹೆಚ್ಚು ಬೇಕು, ಮಾತು ಗಟ್ಟಿಯಾಗಿ ನಿಲ್ಲುತ್ತದೆ. ನಾನು ಬಳಸುವ ಪರೀಕ್ಷೆ ಒಂದಿದೆ. ಈ ವಿಷಯದ ಪೂರ್ತಿ ಕಥೆ ನಾಳೆ ಕೇಳುಗನಿಗೆ ತಿಳಿದರೆ, ನಿನ್ನೆ ಡಾಕ್ಟರು ನನ್ನನ್ನು ಯಾಮಾರಿಸಿದರು ಎಂದು ಅವನಿಗೆ ಅನ್ನಿಸುತ್ತದೆಯೇ? ಅನ್ನಿಸುವುದಾದರೆ ಎಲ್ಲೆಯ ಮಾತೊಂದು ಬಿಟ್ಟುಹೋಗಿದೆ. ಅನ್ನಿಸದಿದ್ದರೆ ಉಳಿದ ವಿವರ ಇಲ್ಲದಿದ್ದರೂ ಉತ್ತರ ಪ್ರಾಮಾಣಿಕವೇ.

ಇದೇ ಕಾರಣಕ್ಕೆ ಸಿದ್ಧ ಉತ್ತರ ಬೇಗ ಹಳಸುತ್ತದೆ. ಈ ವಿಷಯದಲ್ಲಿ ಕೋರ್ಟಿನ ಆದೇಶಗಳು ಬೇಗ ಬೇಗ ಬದಲಾಗಿವೆ; 2025ರ ಆಗಸ್ಟ್ ತಿಂಗಳೊಂದರಲ್ಲೇ 11ರ ಆದೇಶವನ್ನು 22ರಂದು ತಿದ್ದಲಾಯಿತು. ಶನಿವಾರ ಬೆಳಿಗ್ಗೆ ನಿಮ್ಮ ಕಾನೂನು ಸಲಹೆಗಾರರಿಗೆ ಒಂದು ಫೋನ್ ಮಾಡಿ, ಅಂದಿನವರೆಗಿನ ಸ್ಥಿತಿ ಏನೆಂದು ಖಚಿತಪಡಿಸಿಕೊಂಡೇ ಸ್ಟುಡಿಯೋಗೆ ಹೋಗಿ.

ಪ್ರಶ್ನೆಗಳು ಎಲ್ಲಿಂದ ಸಿಗುತ್ತವೆ? ವಾಹಿನಿಯಿಂದ ಪಟ್ಟಿ ಕೇಳಿದರೆ ಅವರು ವಿಷಯ ಹೇಳುತ್ತಾರೆ, ಪ್ರಶ್ನೆ ಹೇಳುವುದಿಲ್ಲ. ಹೇಳಿದರೂ ಎರಡನೆಯ ಕರೆ ಬರುವಷ್ಟರಲ್ಲಿ ಚರ್ಚೆ ಬೇರೆ ದಿಕ್ಕಿಗೆ ಹೊರಳಿರುತ್ತದೆ. ಅವರನ್ನು ಕೇಳಬೇಕಾದ್ದು ಬೇರೆ. ಯಾರು ಯಾವ ಕ್ರಮದಲ್ಲಿ ಕೂರುತ್ತಾರೆ, ನಿಮಗೆ ಬರುವ ಮೊದಲ ಪ್ರಶ್ನೆ ಯಾವುದು, ಕಾರ್ಯಕ್ರಮದ ನಡುವೆ ಯಾವುದಾದರೂ ವಿಡಿಯೋ ತೋರಿಸುತ್ತಾರೆಯೇ? ಮೊದಲ ಪ್ರಶ್ನೆಯನ್ನು ಹೇಳಲು ಹೆಚ್ಚಿನವರು ಹಿಂಜರಿಯುವುದಿಲ್ಲ. ವಿಡಿಯೋದ ವಿಷಯ ಮಾತ್ರ ಬಿಡದೆ ಕೇಳಿ. ಆ ರಸ್ತೆಯ ಸಿಸಿಟಿವಿ ದೃಶ್ಯ ಅವರ ಕೈಯಲ್ಲಿದ್ದರೆ ಕಾರ್ಯಕ್ರಮ ಅದರಿಂದಲೇ ಶುರುವಾಗುತ್ತದೆ. ಮಗುವಿನ ಮೇಲೆ ನಾಯಿ ಎರಗುವುದನ್ನು ನೀವು ಮೊದಲ ಬಾರಿಗೆ ಕ್ಯಾಮೆರಾದ ಎದುರಿಗೇ ನೋಡಬಾರದು. ನೋಡಿದರೆ ಮುಂದಿನ ಎರಡು ನಿಮಿಷ ನಿಮ್ಮ ಬಾಯಿಂದ ತೂಕದ ಮಾತು ಹೊರಡುವುದು ಕಷ್ಟ.

ನಿಜವಾದ ಪ್ರಶ್ನೆಪಟ್ಟಿ ನಿಮ್ಮ ಕಚೇರಿಯಲ್ಲೇ ಇದೆ. ದೂರಿನ ಪುಸ್ತಕ ತೆರೆಯಿರಿ. ನಾಯಿ ಹಿಡಿಯುವ ಸಿಬ್ಬಂದಿಯನ್ನು, ಫೋನ್ ಎತ್ತುವ ಗುಮಾಸ್ತರನ್ನು ಕೂರಿಸಿಕೊಂಡು, ಜನ ನಿಮಗೆ ಏನೆಂದು ಬಯ್ಯುತ್ತಾರೆ ಎಂದು ಕೇಳಿ. ಅವರು ಹೇಳಿದ್ದನ್ನು ನಯಗೊಳಿಸದೆ, ಬಯ್ದವರ ಮಾತಿನಲ್ಲೇ ಬರೆದುಕೊಳ್ಳಿ. ‘ಸಂತಾನ ನಿಯಂತ್ರಣ ಕಾರ್ಯಕ್ರಮದ ಪರಿಣಾಮಕಾರಿತ್ವದ ಬಗ್ಗೆ’ ಎಂದು ಬರೆದರೆ ನಿಮಗೆ ಹೊಳೆಯುವ ಉತ್ತರವೂ ಅಷ್ಟೇ ಸಪ್ಪೆಯಾಗಿರುತ್ತದೆ. ‘ಆಪರೇಷನ್ ಹೆಸರಿನಲ್ಲಿ ದುಡ್ಡು ಹೊಡೆಯುತ್ತಿದ್ದೀರಿ, ನಾಯಿ ಮಾತ್ರ ಹೆಚ್ಚುತ್ತಲೇ ಇವೆ’ ಎಂದು ಬರೆದರೆ ಅದಕ್ಕೆ ತಕ್ಕ ಉತ್ತರವೇ ಬೇಕಾಗುತ್ತದೆ. ಪಟ್ಟಿ ಇಪ್ಪತ್ತಕ್ಕೆ ಹೋಗಬಹುದು, ಗಾಬರಿ ಬೇಡ. ಒಟ್ಟಿಗೆ ಹರಡಿ ನೋಡಿದರೆ ‘ಊರಾಚೆ ಬಿಟ್ಟು ಬನ್ನಿ’, ‘ಕೊಂದುಬಿಡಿ’, ‘ಯಾಕೆ ತಂದು ಬಿಡುತ್ತೀರಿ’ ಮೂರಕ್ಕೂ ಖಾಲಿ ಜಾಗದ ಉತ್ತರವೇ ಸಲ್ಲುತ್ತದೆ. ಕೊನೆಗೆ ಐದಾರು ಉತ್ತರ ಉಳಿಯುತ್ತವೆ. ಅದಕ್ಕಿಂತ ಹೆಚ್ಚು ತಯಾರಿಸಬೇಡಿ. ನೇರ ಪ್ರಸಾರದಲ್ಲಿ ಹತ್ತು ಉತ್ತರಗಳಲ್ಲಿ ಸರಿಯಾದದ್ದನ್ನು ಹುಡುಕಲು ಹೊರಟ ಮುಖ ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣುವುದಿಲ್ಲ.

ದುಡ್ಡಿನ ಆ ಪ್ರಶ್ನೆಯ ಬಗ್ಗೆ ಒಂದು ಮಾತು. ಅದರಲ್ಲಿ ಆರೋಪವೊಂದು, ಅಂಕಿಯೊಂದು ಅಂಟಿಕೊಂಡಿವೆ. ಆರೋಪದ ಪದಗಳನ್ನು ನೀವು ಮತ್ತೆ ಉಚ್ಚರಿಸಬೇಡಿ. ‘ನಾವು ದುಡ್ಡು ಹೊಡೆದಿಲ್ಲ’ ಎಂದರೆ ಜನರ ನೆನಪಿನಲ್ಲಿ ಉಳಿಯುವುದು ‘ದುಡ್ಡು ಹೊಡೆ’ ಎಂಬಷ್ಟೇ. ನಾಯಿ ಹೆಚ್ಚಿರುವುದು ನಿಜವಾದರೆ ಅಲ್ಲಿಂದಲೇ ಹೊರಡಿ: ‘ನಾಯಿಗಳು ಹೆಚ್ಚಿರುವುದು ನಿಜ. ನಮ್ಮ ವೇಗ ಸಾಲುತ್ತಿಲ್ಲ. ಒಂದು ಬೀದಿಯಲ್ಲಿ ಅಲ್ಲೊಂದು ಇಲ್ಲೊಂದು ಶಸ್ತ್ರಚಿಕಿತ್ಸೆಯಾದರೆ ಉಳಿದವು ಮರಿ ಹಾಕಿ ಲೆಕ್ಕ ಸರಿಮಾಡುತ್ತವೆ. ರೇಬೀಸ್ ತಡೆಯಬೇಕಾದರೆ ಹತ್ತರಲ್ಲಿ ಏಳು ನಾಯಿಗಾದರೂ ಲಸಿಕೆ ಬೀಳಬೇಕು. ನಾವು ಈಗ ಇರುವುದು ಇಷ್ಟರಲ್ಲಿ.’ ಇಲ್ಲಿ ನಿಮ್ಮ ಊರಿನ ಅಂಕಿ, ಅದರ ತಿಂಗಳು ಹೇಳಿ ನಿಲ್ಲಿಸಿ. ‘ಶೇಕಡಾ ಎಪ್ಪತ್ತು’ ಎಂಬುದಕ್ಕಿಂತ ‘ಹತ್ತರಲ್ಲಿ ಏಳು’ ಕಿವಿಗೆ ಬೇಗ ಹತ್ತುತ್ತದೆ. ಖರ್ಚಿನ ವಿವರ ಕೇಳಿದರೆ ತಲಾ ನಾಯಿಗೆ ಎಷ್ಟು, ಯಾವ ವರ್ಷ, ಯಾವ ಸಂಸ್ಥೆಗೆ ಎಂಬ ಮೂರು ಸಂಗತಿ ಚೀಟಿಯಲ್ಲಿರಲಿ. ‘ಆ ಅಂಕಿ ಈಗ ನನ್ನ ಬಳಿ ಇಲ್ಲ, ಸೋಮವಾರ ನಿಮ್ಮ ವಾಹಿನಿಗೇ ಕಳುಹಿಸುತ್ತೇನೆ’ ಎಂಬುದು ಒಳ್ಳೆಯ ಉತ್ತರವೇ. ಆದರೆ ಅದನ್ನು ಒಂದು ಗಂಟೆಯಲ್ಲಿ ಒಮ್ಮೆ ಬಳಸಬಹುದು. ಎರಡನೆಯ ಬಾರಿಗೆ ಜನ ಅದನ್ನು ನುಣುಚಿಕೊಳ್ಳುವಿಕೆ ಎಂದೇ ಕೇಳಿಸಿಕೊಳ್ಳುತ್ತಾರೆ. ಸೋಮವಾರ ಕಳುಹಿಸದೆ ಹೋದರೆ ಅವರ ಮಾತೇ ನಿಜವಾಗುತ್ತದೆ.

ನುಣುಚುವ ಮಾತು ಬಂದದ್ದರಿಂದ ಹೇಳುತ್ತೇನೆ. ಪ್ರಶ್ನೆ ಏನೇ ಇರಲಿ, ನಿಮಗೆ ಹೇಳಬೇಕಾದ್ದನ್ನೇ ಹೇಳಿ ಎಂದು ಕೆಲವು ತರಬೇತುದಾರರು ಕಲಿಸುತ್ತಾರೆ. ರಾಜಕಾರಣಿಗಳಿಗೆ ಅದು ನಡೆಯುತ್ತದೆಯೋ ಏನೋ, ವೈದ್ಯರಿಗೆ ನಡೆಯುವುದಿಲ್ಲ. ಕೇಳಿದ್ದೊಂದು, ಹೇಳಿದ್ದೊಂದು ಎಂಬುದನ್ನು ನಮ್ಮ ಜನ ಮೊದಲ ವಾಕ್ಯಕ್ಕೇ ಹಿಡಿಯುತ್ತಾರೆ. ಕಚೇರಿಯ ಕರ್ಮಣಿ ಪ್ರಯೋಗವೂ ಅದೇ ಜಾತಿಯದು. ‘ಕ್ರಮ ಕೈಗೊಳ್ಳಲಾಗುವುದು’, ‘ಪರಿಶೀಲಿಸಲಾಗುತ್ತಿದೆ’ ಎಂಬಲ್ಲಿ ಕೈಗೊಳ್ಳುವವರು ಯಾರು, ಪರಿಶೀಲಿಸುವವರು ಯಾರು ಎಂಬುದೇ ಇರುವುದಿಲ್ಲ. ನಿಮ್ಮ ಕರಡಿನಲ್ಲಿ ‘-ಲಾಗುವುದು’ ಕಂಡಲ್ಲೆಲ್ಲ ‘ನಾನು’ ಅಥವಾ ‘ನಾವು’ ಹಾಕಿ ನೋಡಿ. ಹಾಕಲು ಧೈರ್ಯ ಬಾರದಿದ್ದರೆ ಆ ವಾಕ್ಯ ಹೇಳುವ ಸ್ಥಿತಿಯಲ್ಲಿ ನೀವಿಲ್ಲ, ಬಿಟ್ಟುಬಿಡಿ.

ಇನ್ನು ಎಲ್ಲಕ್ಕಿಂತ ಕಷ್ಟದ್ದು. ತಾಯಿಯೋ, ನಿರೂಪಕರೋ, ಯಾರೋ ಒಬ್ಬರು ಕೇಳೇ ಕೇಳುತ್ತಾರೆ: ‘ನಿಮ್ಮ ಮಗುವಿಗೇ ಕಚ್ಚಿದ್ದರೆ ಹೀಗೇ ಮಾತನಾಡುತ್ತಿದ್ದಿರಾ?’

ಈ ಬಗೆಯ ಪ್ರಶ್ನೆಗೆ ಪ್ರಸಿದ್ಧವಾದ ಒಂದು ಉದಾಹರಣೆ ಅಮೆರಿಕದಲ್ಲಿದೆ. 1988ರ ಅಕ್ಟೋಬರ್ 13ರಂದು ಅಧ್ಯಕ್ಷೀಯ ಚುನಾವಣೆಯ ಎರಡನೆಯ ಟಿವಿ ಚರ್ಚೆ. ಡೆಮಾಕ್ರಟಿಕ್ ಅಭ್ಯರ್ಥಿ ಮೈಕೆಲ್ ಡುಕಾಕಿಸ್ ಮರಣದಂಡನೆಯ ವಿರೋಧಿ. ನಿರೂಪಕ ಬರ್ನಾರ್ಡ್ ಶಾ ಮೊದಲ ಪ್ರಶ್ನೆಯಲ್ಲೇ, ನಿಮ್ಮ ಹೆಂಡತಿಯ ಮೇಲೆ ಅತ್ಯಾಚಾರ ನಡೆದು ಕೊಲೆಯಾದರೆ ಕೊಂದವನಿಗೆ ಗಲ್ಲು ಬೇಕೆನ್ನುತ್ತೀರಾ ಎಂದು ಹೆಂಡತಿಯ ಹೆಸರು ಹಿಡಿದೇ ಕೇಳಿದರು. ಡುಕಾಕಿಸ್ ತಡವರಿಸಲಿಲ್ಲ. ಇಲ್ಲ ಎಂದರು, ತನ್ನ ನಿಲುವು ಎಲ್ಲರಿಗೂ ಗೊತ್ತಿದ್ದದ್ದೇ ಎಂದರು, ಅಲ್ಲಿಂದ ಮಾದಕ ವಸ್ತುಗಳ ವಿರುದ್ಧದ ಹೋರಾಟದ ಕಡೆಗೆ ಹೋದರು. ನಾನು ಇಲ್ಲಿಯವರೆಗೆ ಹೇಳಿದ ಅಳತೆಯಲ್ಲಿ ನೋಡಿದರೆ ಉತ್ತರ ತಪ್ಪಿಲ್ಲ: ಮೊದಲ ಪದದಲ್ಲೇ ತೀರ್ಪು, ಆಮೇಲೆ ಕಾರಣ. ಆದರೂ ಆ ಉತ್ತರ ಅವರಿಗೆ ಭಾರಿ ಪೆಟ್ಟು ಕೊಟ್ಟಿತು, ಏಕೆಂದರೆ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿದ್ದವು. ನೀತಿಯ ಬಗ್ಗೆ ಕೇಳಿದ್ದಕ್ಕೆ ಅವರು ಉತ್ತರಿಸಿದರು. ಹೆಂಡತಿಯ ಬಗ್ಗೆ ಕೇಳಿದ್ದು ಹಾಗೆಯೇ ಗಾಳಿಯಲ್ಲಿ ಉಳಿಯಿತು.

ನಿಮ್ಮ ಪ್ರಶ್ನೆಯೂ ಹಾಗೆಯೇ ಜೋಡಿ. ಮೊದಲು ಮನುಷ್ಯನಾಗಿ ಉತ್ತರಿಸಿ, ಆಮೇಲೆ ವೈದ್ಯನಾಗಿ: ‘ಇಲ್ಲ ತಾಯಿ, ಇಷ್ಟು ಸಮಾಧಾನದಿಂದ ಮಾತನಾಡುತ್ತಿರಲಿಲ್ಲ. ನನಗೂ ಸಿಟ್ಟು ಬರುತ್ತಿತ್ತು, ನಗರಸಭೆಯ ಮೇಲೂ ಬರುತ್ತಿತ್ತು. ಆ ರಸ್ತೆಯ ನಾಯಿಗಳಲ್ಲಿ ಎಷ್ಟಕ್ಕೆ ಲಸಿಕೆ ಹಾಕಿದ್ದೀರಿ ಎಂದು ಕೇಳುತ್ತಿದ್ದೆ. ಅದನ್ನು ಕೇಳುವ ಹಕ್ಕು ನಿಮಗಿದೆ. ಇವತ್ತಿನ ಲೆಕ್ಕ ಇದು.’ ಲೆಕ್ಕ ಹೇಳಿ, ಅಲ್ಲಿಗೆ ಬಾಯಿ ಮುಚ್ಚಿ. ಇದಕ್ಕೆ ಮೂವತ್ತು ಸೆಕೆಂಡ್ ಬೇಕಾಗಿಲ್ಲ, ಇಪ್ಪತ್ತು ಸಾಕು. ಮಾತು ಮುಗಿದ ಮೇಲಿನ ಮೌನ ನಿಮಗೆ ಉದ್ದವೆನಿಸುತ್ತದೆ. ಅದನ್ನು ತುಂಬುವುದು ನಿರೂಪಕರ ಕೆಲಸ. ‘ಆದರೆ’ ಎಂದು ನೀವು ಮತ್ತೆ ಶುರುಮಾಡಿದರೆ ಹಿಂದೆ ಹೇಳಿದ್ದೆಲ್ಲ ಹೋಯಿತು.

ಅದರಲ್ಲೂ ‘ನೋಡಿ ಮೇಡಂ’ ಎಂದು ಶುರುಮಾಡಬೇಡಿ. ಕೌಂಟರಿನ ಆಚೆ ನಿಂತವರಿಗೆ ಹೇಳುವ ಮಾತಿನಂತೆ ಕೇಳುತ್ತದೆ. ಅವರು ನಿಮಗಿಂತ ಚಿಕ್ಕವರಿದ್ದರೆ ‘ಅಮ್ಮ’, ‘ತಾಯಿ’ ಯಾವುದು ನಿಮ್ಮ ಬಾಯಿಗೆ ಸಹಜವೋ ಅದು. ಸಹಜವಲ್ಲದಿದ್ದರೆ ‘ನೀವು’ ಎಂಬುದೇ ಸಾಕು. ಮಗುವಿನ ಹೆಸರನ್ನಾಗಲಿ, ಗಾಯದ ವಿವರವನ್ನಾಗಲಿ ನೀವಾಗಿ ಎತ್ತಬೇಡಿ. ಸಾಧ್ಯವಾದರೆ ಶುಕ್ರವಾರವೇ ಅವರ ಮನೆಗೆ ಹೋಗಿ, ಮಗುವಿನ ಲಸಿಕೆಯ ಎಲ್ಲ ಡೋಸ್ ಆಗಿವೆಯೇ ಎಂದು ಕೇಳಿ ಬನ್ನಿ. ಹೋಗಿ ಬಂದದ್ದನ್ನು ಕಾರ್ಯಕ್ರಮದಲ್ಲಿ ಹೇಳಿಕೊಳ್ಳಬೇಡಿ. ಹೇಳಿಕೊಂಡರೆ ಹೋದದ್ದೇ ಅದಕ್ಕಾಗಿ ಎಂದಾಗುತ್ತದೆ.

ತಯಾರಿಯ ಕ್ರಮಕ್ಕೆ ಬರುತ್ತೇನೆ. ನಿಮ್ಮ ಮುಂದೆ ಮೂರು ಹಾದಿಗಳಿವೆ. ಪೂರ್ತಿ ಬರೆದು ಬಾಯಿಪಾಠ ಮಾಡಬಹುದು. ಒಂದು ಪದ ತಪ್ಪಿದರೆ ಮುಂದಿನದು ಬರುವುದಿಲ್ಲ, ಕಣ್ಣು ಮೇಲೆ ಹೋಗುತ್ತದೆ, ಪ್ರಶ್ನೆ ಸ್ವಲ್ಪ ಬೇರೆಯಾಗಿ ಬಂದರೂ ಹಳೆಯ ಉತ್ತರವೇ ಹೊರಬೀಳುತ್ತದೆ. ಏನೂ ತಯಾರಿಸದೆ ‘ವಿಷಯ ಗೊತ್ತಿದೆ’ ಎಂದು ಹೋಗಬಹುದು; ವಾರ್ಡ್ ಸಭೆಯ ಫಲಿತಾಂಶ ನಿಮಗೆ ಗೊತ್ತಿದೆ. ನಾನು ಹೇಳುವುದು ನಡುವಿನದು: ಮೊದಲ ವಾಕ್ಯ ಮಾತ್ರ ಗಟ್ಟಿಯಾಗಿ ನೆನಪಿರಲಿ, ಉಳಿದದ್ದು ಎರಡು ಮೂರು ಪದಗಳ ಸುಳಿವಿನಲ್ಲಿ. ಇದರಲ್ಲೂ ಅಪಾಯವಿಲ್ಲದಿಲ್ಲ, ಎರಡನೆಯ ವಾಕ್ಯ ಕೆಲವೊಮ್ಮೆ ಅಡ್ಡಾದಿಡ್ಡಿ ಬರುತ್ತದೆ. ಆದರೆ ಅದು ನೀವೇ ಮಾತನಾಡಿದಂತೆ ಕೇಳುತ್ತದೆ.

ಬರೆಯುವ ಮೊದಲು ಮಾತನಾಡಿ. ಸಹೋದ್ಯೋಗಿಯೊಬ್ಬರು ಪ್ರಶ್ನೆ ಕೇಳಲಿ, ನೀವು ತೋಚಿದಂತೆ ಉತ್ತರಿಸಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಮತ್ತೆ ಕೇಳುವಾಗ ಗಡಿಯಾರದಲ್ಲಿ ಒಂದನ್ನೇ ಗಮನಿಸಿ: ‘ಹೌದು’, ‘ಇಲ್ಲ’ ಅಥವಾ ‘ಕಾರಣ ಇದು’ ಎಂಬುದು ಎಷ್ಟನೆಯ ಸೆಕೆಂಡಿಗೆ ಬಂತು? ಎಂಟು ದಾಟಿದ್ದರೆ ಮುಂದಿನದನ್ನು ಕೇಳುವುದೇ ಬೇಡ, ಮತ್ತೆ ಶುರುಮಾಡಿ. ಸರಿಬಂದ ಮೇಲೆ ಅದರ ಸುಳಿವುಗಳನ್ನಷ್ಟೇ ಪೋಸ್ಟ್‌ಕಾರ್ಡ್ ಗಾತ್ರದ ಚೀಟಿಗೆ ಇಳಿಸಿ. ನಮ್ಮ ಉದಾಹರಣೆಗೆ ‘ಖಾಲಿ ಜಾಗ, ಲಸಿಕೆ, ಬಿಡದವು’ ಎಂಬ ಮೂರು, ಕೆಳಗೆ ‘ಆವರಣ ಬಿಟ್ಟು’ ಎಂಬ ಎಲ್ಲೆ. ಇನ್ನೊಂದು ಸುತ್ತಿನಲ್ಲಿ ಸಹೋದ್ಯೋಗಿ ಬೇಕೆಂದೇ ಅಡ್ಡ ಬರಲಿ, ಒಮ್ಮೆ ಐದನೆಯ ಸೆಕೆಂಡಿಗೆ, ಒಮ್ಮೆ ಹದಿನೈದಕ್ಕೆ. ನಿಮ್ಮ ಕೆಲಸ ಗೊತ್ತಿಲ್ಲದ ಯಾರಾದರೂ, ಮನೆಯವರಾದರೂ ಸರಿ, ಕೇಳಿ ತಮ್ಮ ಮಾತಿನಲ್ಲಿ ವಾಪಸ್ ಹೇಳಲಿ. ಅವರು ‘ಬೇರೆ ನಾಯಿ ಬರುತ್ತದಂತೆ’ ಎಂದರೆ ಉತ್ತರ ಕೆಲಸ ಮಾಡಿದೆ. ‘ಏನೋ ನಿಯಮ ಇದೆಯಂತೆ’ ಎಂದರೆ ಮಾಡಿಲ್ಲ.

ಇಬ್ಬರು ಒಟ್ಟಿಗೆ ಮಾತನಾಡತೊಡಗಿದರೆ ನೀವು ನಿಲ್ಲಿಸಿ. ಟಿವಿಯಲ್ಲಿ ಎರಡು ದನಿ ಬೆರೆತರೆ ಎರಡೂ ಕೇಳುವುದಿಲ್ಲ. ಅವಕಾಶ ಸಿಕ್ಕಾಗ ಮೊದಲ ವಾಕ್ಯವನ್ನು ಮತ್ತೊಮ್ಮೆ ಹೇಳಿದರೆ ಸಾಕು. ‘ನನಗೆ ಮಾತನಾಡಲು ಬಿಡಿ’ ಎಂದು ಪದೇ ಪದೇ ಕೇಳಿಕೊಳ್ಳುವುದರಲ್ಲೇ ಅರ್ಧ ಅವಕಾಶ ಕಳೆದವರನ್ನು ಬೇಕಾದಷ್ಟು ಕಂಡಿದ್ದೇನೆ.

ನೀವು ಸರ್ಕಾರಿ ನೌಕರರು ಎಂಬುದನ್ನೂ ಮರೆಯಬಾರದು. ಚರ್ಚೆಗೆ ಹೋಗಲು ಪೌರಾಯುಕ್ತರ ಲಿಖಿತ ಅನುಮತಿ ಇರಲಿ; ಯಾವ ವಿಷಯ ನಿಮ್ಮದು, ಯಾವುದು ಅಲ್ಲ ಎಂದು ಅದರಲ್ಲೇ ನಮೂದಾಗಲಿ. ‘ಸರ್ಕಾರ ಹಣ ಕೊಡುತ್ತಿಲ್ಲ ಅಲ್ಲವೇ?’ ಎಂದು ಪ್ರಾಣಿದಯಾ ಸಂಘದವರು ನಿಮ್ಮ ಪರವಾಗಿಯೇ ಕೇಳಬಹುದು. ಪ್ರೀತಿಯಿಂದ ಕೇಳಿದ ಆ ಪ್ರಶ್ನೆಗೆ ತಲೆಯಾಡಿಸಿದರೆ ಸೋಮವಾರ ನೋಟಿಸಿಗೆ ಉತ್ತರ ಬರೆಯಬೇಕಾದೀತು. ‘ಹಣ ನಿಗದಿ ಮಾಡುವುದು ನನ್ನ ಕೈಯಲ್ಲಿಲ್ಲ. ನನ್ನ ಕೈಯಲ್ಲಿರುವುದು ದಿನಕ್ಕೆ ಎಷ್ಟು ಶಸ್ತ್ರಚಿಕಿತ್ಸೆ ಎಂಬುದು, ಅದನ್ನು ಹೇಳುತ್ತೇನೆ’ ಎಂದು ನಿಮ್ಮ ಮೇಜಿಗೇ ಮರಳಿ.

ಕೊನೆಯದಾಗಿ, ಇಂಥ ಕಾರ್ಯಕ್ರಮಗಳ ಅಂತ್ಯಕ್ಕೆ ‘ಒಂದೇ ಮಾತಿನಲ್ಲಿ’ ಎಂಬ ಸುತ್ತು ಇದ್ದೇ ಇರುತ್ತದೆ. ಎಲ್ಲರೂ ಅದನ್ನು ಸಮರ್ಥನೆಗೆ ಖರ್ಚು ಮಾಡುತ್ತಾರೆ. ನೀವು ಆ ಕುರ್ಚಿಯಲ್ಲಿರುವ ಏಕೈಕ ವೈದ್ಯರು, ಅದನ್ನು ನೋಡುಗರಿಗೆ ಕೊಡಿ: ‘ನಾಯಿ ಕಚ್ಚಿದರೆ ಮೊದಲು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆಯಿರಿ. ಸುಣ್ಣ, ಅರಿಸಿನ, ಖಾರದ ಪುಡಿ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯಕ್ಕೇ ಕೊಡುವ ಇಮ್ಯುನೊಗ್ಲೋಬುಲಿನ್ ಬಗ್ಗೆ ಕೇಳಿ. ಎಲ್ಲ ಡೋಸ್ ಮುಗಿಸಿ. ರೇಬೀಸಿನ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ.’

ಇದನ್ನು ಹೇಳುವ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಲಸಿಕೆಯೂ ಇಮ್ಯುನೊಗ್ಲೋಬುಲಿನ್ನೂ ದಾಸ್ತಾನಿದೆಯೇ ಎಂದು ಆಡಳಿತ ವೈದ್ಯಾಧಿಕಾರಿಯನ್ನು ಕೇಳಿಕೊಳ್ಳಿ. ಇಲ್ಲದಿದ್ದರೆ ಎಲ್ಲಿ ಸಿಗುತ್ತದೆ ಎಂಬುದನ್ನೂ ಆ ಅರ್ಧ ನಿಮಿಷದೊಳಗೇ ಸೇರಿಸಿ.